ದಾವಣಗೆರೆ ಅಂಗಡಿಗಳಿಗೆ ಮೊದಲ ಕರೆ: ಆಡುವ ಮಾತು, ಬರೆದಿಡುವ ಪಟ್ಟಿ

ಸಹನಾ, ಬಿಲ್ಲಿಂಗ್ ತಂತ್ರಾಂಶವನ್ನು ಫೋನಿನಲ್ಲಿ ಮಾರಲು ಹೋಗಬೇಡಿ. ಫೋನಿನಲ್ಲಿ ಕೇಳಬೇಕಾದದ್ದು ಅಂಗಡಿಯಲ್ಲಿ ಕೂರಲು ಹತ್ತು ನಿಮಿಷ, ಅಷ್ಟೇ.

ಮಧ್ಯಾಹ್ನ 2ರಿಂದ 4ರೊಳಗೆ ಕರೆ ಮಾಡಿ. ಉಳಿದ ಹೊತ್ತು ಗಲ್ಲಾಪೆಟ್ಟಿಗೆಯ ಮುಂದೆ ಗಿರಾಕಿಗಳಿರುತ್ತಾರೆ. ತಿಂಗಳ 10, 11, 19, 20ನೇ ತಾರೀಖು ಬೇಡ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ 11, 3ಬಿಗೆ 20 ಕೊನೆಯ ದಿನ. ಆಗ ಫೋನ್ ಎತ್ತಿದರೂ ಸಿಡುಕುತ್ತಾರೆ. ಸ್ವಂತ ಮೊಬೈಲ್ ಬಳಸಬೇಡಿ, ಮಾರಾಟದ ಕರೆಗಳಿಗೆಂದೇ ಇರುವ, ಕಚೇರಿಯ 140 ಸರಣಿಯ ಸಂಖ್ಯೆಯಿಂದಲೇ ಮಾಡಿ. ಆ ಸಂಖ್ಯೆ ನೋಡಿ ಕೆಲವರು ಎತ್ತುವುದೇ ಇಲ್ಲ, ನಿಜ. ಆದರೆ ಬೇಡದ ಕರೆಗಳ ಮೇಲೆ ದೂರು ಕೊಡುವ 1909ಕ್ಕೆ ದೂರು ಹೋಗುವುದಕ್ಕಿಂತ ಅದೇ ವಾಸಿ.

ಮಾತು

"ನಮಸ್ಕಾರ ಸರ್. ನಾನು ಸಹನಾ, ಪಿ.ಬಿ. ರಸ್ತೆಯ ಕಚೇರಿಯಿಂದ. ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಕೊಡುತ್ತೇವೆ. ಅದರ ಬಗ್ಗೆಯೇ ಕರೆ ಮಾಡಿದೆ, ಒಂದು ನಿಮಿಷ ಬಿಡುವಿದೆಯೇ?"

ಇಲ್ಲವೆಂದರೆ: "ಸರಿ ಸರ್, ಯಾವ ಹೊತ್ತಿಗೆ ಮಾಡಲಿ?"

ಇದೆಯೆಂದರೆ: "ಈಗ ಬಿಲ್ಲು ಕೈಯಲ್ಲಿ ಬರೆಯುತ್ತೀರೋ, ಕಂಪ್ಯೂಟರಿನಲ್ಲೋ?" ಕೇಳಿ ಸುಮ್ಮನಿರಿ. ಆ ಮೌನ ಕಷ್ಟ, ನನಗೂ ವರ್ಷ ಹಿಡಿಯಿತು.

"ಕೈಯಲ್ಲೇ" ಎಂದರೆ: "ಹಾಗಾದರೆ ಆಡಿಟರಿಗೆ ಲೆಕ್ಕ ಒಟ್ಟು ಮಾಡಿ ಕೊಡುವವರು ಯಾರು ಸರ್?" ಯಾರ ಹೆಸರು ಬರುತ್ತದೋ ಆ ಮಗ, ತಮ್ಮ ಅಥವಾ ಗುಮಾಸ್ತನೇ ನಮಗೆ ಬೇಕಾದವರು. "ಗುರುವಾರ 3 ಗಂಟೆಗೆ ಬರುತ್ತೇವೆ, ಅವರೂ ಇದ್ದರೆ ಹತ್ತು ನಿಮಿಷ ತೋರಿಸಿ ಹೋಗುತ್ತೇವೆ."

"ಎಷ್ಟು?" ಎಂದರೆ ತಡವರಿಸಬೇಡಿ: "ವರ್ಷಕ್ಕೆ 6,000 ರೂಪಾಯಿ ಸರ್, ಜಿಎಸ್‌ಟಿ ಬೇರೆ."

"ಬೇಡ" ಎಂದರೆ: "ಆಗಲಿ ಸರ್, ಮತ್ತೆ ತೊಂದರೆ ಕೊಡುವುದಿಲ್ಲ." ಕೊಡಲೂ ಕೂಡದು.

ಪಟ್ಟಿ

| ಅಂಗಡಿ | ಕರೆ | ಅವರ ಮಾತು | ಸ್ಥಿತಿ | ಮುಂದಿನ ದಿನ |
|---|---|---|---|---|
| ಕಿರಾಣಿ, ಮಂಡಿಪೇಟೆ | 02/06/2026 | ಕೈಬಿಲ್ಲು, ಲೆಕ್ಕ ಮಗನದು, 3 ಗಂಟೆಗೆ ಬನ್ನಿ | ಭೇಟಿ | 04/06/2026 |
| ಬಟ್ಟೆ, ಚೌಕಿಪೇಟೆ | 02/06/2026 | "ನೋಡೋಣ, ಅಣ್ಣ ಊರಿನಿಂದ ಬರಲಿ" | ನೋಡೋಣ | 08/06/2026 |
| ಹಾರ್ಡ್‌ವೇರ್, ಅಶೋಕ ರಸ್ತೆ | 02/06/2026 | ಬೇರೆ ತಂತ್ರಾಂಶವಿದೆ, ಮಾರ್ಚ್‌ವರೆಗೆ ಹಣ ಕಟ್ಟಿದ್ದಾರೆ | ನಂತರ | 02/02/2027 |
| ಔಷಧಿ, ಪಿ.ಬಿ. ರಸ್ತೆ | 02/06/2026 | ಕರೆ ಮಾಡಬೇಡಿ | ಬೇಡ | — |

ಫೋನ್ ಸಂಖ್ಯೆ ಆರನೆಯ ಕಾಲಂನಲ್ಲಿದೆ, ಇಲ್ಲಿ ಹಾಕಿಲ್ಲ. ಮೂರನೆಯದರಲ್ಲಿ "ಆಸಕ್ತಿ ಇದೆ" ಎಂದು ಬರೆಯಬೇಡಿ, ಅದು ನಿಮ್ಮ ಆಸೆ. ಅವರು ಆಡಿದ ಮಾತನ್ನೇ ಬರೆಯಿರಿ. "ನೋಡೋಣ" ಎನ್ನುವುದು ನಮ್ಮ ಕಡೆ ಒಪ್ಪಿಗೆಯಲ್ಲ, ಹೆಚ್ಚಿನ ಸಲ ಸಭ್ಯವಾದ "ಬೇಡ". ಅಂಥವರಿಗೆ ಇನ್ನೆರಡೇ ಕರೆ, ಆಮೇಲೆ ಬಿಟ್ಟುಬಿಡಿ. "ಬೇಡ" ಬಿಟ್ಟು ಬೇರೆ ಯಾವ ಸಾಲಿನಲ್ಲೂ "ಮುಂದಿನ ದಿನ" ಖಾಲಿ ಇರಬಾರದು. ದಿನ ಬಂದ ಸಾಲು ಕೆಂಪಾಗಲು ಈ ಸೂತ್ರ ಹಾಕಿದ್ದೇನೆ:

```
=AND($E2<>"",$E2<=TODAY(),$D2<>"ಬೇಡ")
```

ಬೆಳಗ್ಗೆ ಬಂದೊಡನೆ ಕೆಂಪು ಸಾಲುಗಳನ್ನು ಗುರುತು ಮಾಡಿಕೊಳ್ಳಿ, 2 ಗಂಟೆಗೆ ಮೊದಲ ಕರೆ ಅವಕ್ಕೇ. ಗುರುವಾರ ಮಂಡಿಪೇಟೆಗೆ ನಾನೂ ಬರುತ್ತೇನೆ. ಎರಡೂವರೆಗೆ ಕಚೇರಿಯ ಕೆಳಗೆ ಇರಿ.