ಅಗಲ ಬಾಯಿಯ ಫೀಡಿಂಗ್ ಬಾಟಲಿ, 150 ಮಿಲಿ, ನಿಧಾನ ಹರಿವಿನ ನಿಪ್ಪಲ್ (0–3 ತಿಂಗಳು)

ಬಾಟಲಿ ಪಾಲಿಪ್ರೊಪಿಲೀನ್‌ನದು, ನಿಪ್ಪಲ್ ಸಿಲಿಕೋನ್‌ನದು. ಎರಡರಲ್ಲೂ ಬಿಪಿಎ ಎಂಬ ರಾಸಾಯನಿಕ ಇಲ್ಲ. ಬಾಯಿ ಅಗಲ ಇದೆ, ಹಾಗಾಗಿ ತಳದ ಹಾಲಿನ ಜಿಡ್ಡನ್ನೂ ಉಜ್ಜಿ ತೆಗೆಯಬಹುದು.

ಮೊದಲ ಬಳಕೆಗೆ ಮುಂಚೆ ಸ್ಟೆರಿಲೈಸ್ ಮಾಡಲೇಬೇಕು. ಎಲ್ಲ ಭಾಗ ಬಿಚ್ಚಿ, ಸೋಪು ನೀರಲ್ಲಿ ತೊಳೆದು, ಪೂರ್ತಿ ಮುಳುಗುವಂತೆ ಹಾಕಿ 5 ನಿಮಿಷ ಕುದಿಸಿ. ಪಾತ್ರೆಯ ತಳಕ್ಕೆ ತಾಗಲು ಬಿಡಬೇಡಿ. ಸ್ಟೀಮ್ ಸ್ಟೆರಿಲೈಸರ್ ಕೂಡ ಆಗುತ್ತೆ. ಬಟ್ಟೆಯಲ್ಲಿ ಒರೆಸದೆ ಗಾಳಿಗೆ ಒಣಗಿಸಿ.

ನಿಪ್ಪಲ್ ಅಂಚಿನ ಗಾಳಿ ತೂತು ಕಟ್ಟಿಕೊಂಡರೆ ಮಗು ಜಾಸ್ತಿ ಗಾಳಿ ನುಂಗುತ್ತೆ, ತೊಳೆಯುವಾಗ ಮೆಲ್ಲಗೆ ಹಿಂಡಿ ನೋಡಿ. ನಿಪ್ಪಲನ್ನು ಪ್ರತಿ ಸಲ ಎಳೆದು ಪರೀಕ್ಷಿಸಿ. ಅಂಟಂಟಾಗಿದ್ದರೆ, ಸಣ್ಣ ಬಿರುಕು ಕಂಡರೂ ಸರಿ, ತಕ್ಷಣ ಬಿಸಾಡಿ. ಹಾಲಿನ ಬಿಸಿಯನ್ನು ಮಣಿಕಟ್ಟಿನ ಮೇಲೆ ಹನಿಸಿ ನೋಡಿ. ಬಾಟಲಿ ಬಾಯಿಗಿಟ್ಟು ಮಗುವನ್ನು ಒಂಟಿಯಾಗಿ ಬಿಡಬೇಡಿ.