ಒಂದು ವರ್ಷದಲ್ಲಿ ಫ್ರೆಂಚ್ ಮಾತು: ನನ್ನ ವಾರದ ಯೋಜನೆ

ಜನವರಿಯ ಮೊದಲ ಸೋಮವಾರ ಶುರು. 48 ವಾರದ ಓದು, ನಾಲ್ಕು ವಾರದ ಬಿಡುವು. ಬಿಡುವಿನ ವಾರಗಳನ್ನು ಆಫೀಸಿನ ಲೆಕ್ಕ ಮುಗಿಸುವ ಗಡಿಬಿಡಿಗೆ ಈಗಲೇ ಎತ್ತಿಟ್ಟಿದ್ದೇನೆ.

ಗುರಿ ಇದು: ವರ್ಷದ ಕೊನೆಗೆ, ಪರಿಚಯವಿಲ್ಲದ ಫ್ರೆಂಚ್ ಭಾಷಿಕರೊಬ್ಬರ ಜೊತೆ ಅರ್ಧ ಗಂಟೆ ಮಾತಾಡಬೇಕು, ನಡುವೆ ಇಂಗ್ಲಿಷಿಗೆ ಹೊರಳಬಾರದು. ನನ್ನ ಕೆಲಸ, ಮನೆಯವರು, ನಿನ್ನೆ ಮಾಡಿದ್ದು, ನಾಳೆ ಮಾಡಬೇಕಿರುವುದು, ಓದಿದ ಸುದ್ದಿಯ ಬಗ್ಗೆ ನನ್ನ ಅಭಿಪ್ರಾಯ, ಇಷ್ಟು ವಿಷಯ ಬಂದರೆ ಸಾಕು. ತಪ್ಪು ವ್ಯಾಕರಣ ಪರವಾಗಿಲ್ಲ, ಆದರೆ ಎದುರಿಗಿರುವವರಿಗೆ ಅರ್ಥವಾಗಬೇಕು.

ಯುರೋಪಿನ ಭಾಷಾ ಮಟ್ಟಗಳ ಅಳತೆಯಲ್ಲಿ ಇದು ಬಿ1ರ ಹೊಸ್ತಿಲು. ಬಿ1 ತಲುಪಲು ಸುಮಾರು 360ರಿಂದ 400 ಗಂಟೆ ಪಾಠ ಬೇಕು ಎಂಬುದು ಫ್ರೆಂಚ್ ಕಲಿಸುವ ಸಂಸ್ಥೆ ಆಲಿಯಾನ್ಸ್ ಫ್ರಾನ್ಸೇಸ್‌ನ ಅಂದಾಜು. ವಾರಕ್ಕೆ 7 ಗಂಟೆಯಂತೆ 48 ವಾರಕ್ಕೆ ನನ್ನದು 336 ಗಂಟೆ, ಸ್ವಲ್ಪ ಕಡಿಮೆ. ಅದಕ್ಕೇ ಬರವಣಿಗೆಯನ್ನು ಬಹುತೇಕ ಬಿಟ್ಟು, ಆ ಹೊತ್ತನ್ನೆಲ್ಲ ಕಿವಿಗೂ ಬಾಯಿಗೂ ಕೊಡುತ್ತೇನೆ.

ವಾರದ ಹಂಚಿಕೆ

ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 6:30ರಿಂದ 7:10, ದಿನಕ್ಕೆ 40 ನಿಮಿಷ. ಸಂಜೆ ಬೇಡ. 6:30ಕ್ಕೆ ಆಫೀಸ್ ಬಿಟ್ಟು ಬಂದ ಮೇಲೆ ಹೊಸ ಭಾಷೆಗೆ ಬಾಯಿ ತಿರುಗುವುದಿಲ್ಲ. ಮೊದಲ 15 ನಿಮಿಷ ಆಂಕಿ ಎಂಬ ನೆನಪಿನ ಆ್ಯಪಿನ ಕಾರ್ಡುಗಳು, ದಿನಕ್ಕೆ ಹತ್ತು ಹೊಸತು. ಕಾರ್ಡಿನಲ್ಲಿ ಬಿಡಿ ಪದ ಇರಕೂಡದು, ಧ್ವನಿಯ ಸಮೇತ ಒಂದು ಪುಟ್ಟ ವಾಕ್ಯ ಇರಬೇಕು, ಅದನ್ನು ಗಟ್ಟಿಯಾಗಿ ಹೇಳಿದ ಮೇಲೆಯೇ ಮುಂದಿನ ಕಾರ್ಡು. ನಾಮಪದವನ್ನು ಯಾವಾಗಲೂ ಪುಲ್ಲಿಂಗದ ‘ಅಂ’ ಅಥವಾ ಸ್ತ್ರೀಲಿಂಗದ ‘ಯೂನ್’ ಸೇರಿಸಿಯೇ ಕಲಿಯಬೇಕು. ಕನ್ನಡದಲ್ಲಿ ಮೇಜಿಗೂ ಪುಸ್ತಕಕ್ಕೂ ಲಿಂಗದ ಚಿಂತೆಯಿಲ್ಲ, ಅಲ್ಲಿ ಪ್ರತಿ ವಸ್ತುವಿಗೂ ಉಂಟು. ‘ಲ’, ‘ಲಾ’ ಹಿಡಿದು ಕಲಿತರೆ ಸ್ವರದಿಂದ ಶುರುವಾಗುವ ಪದಗಳ ಮುಂದೆ ಎರಡೂ ಒಂದೇ ಆಗಿ ಲಿಂಗ ಮರೆಯಾಗಿಬಿಡುತ್ತದೆ.

ಉಳಿದ 25 ನಿಮಿಷ ದಿನಕ್ಕೊಂದು ಕೆಲಸ. ಸೋಮವಾರ, ಬುಧವಾರ ಹೊಸ ಪಾಠ: ಫ್ರೆಂಚ್ ಟಿವಿ ವಾಹಿನಿ ಟಿವಿ5ಮೋಂಡ್‌ನ ಉಚಿತ ಅಭ್ಯಾಸಗಳಲ್ಲಿ ನನ್ನ ಮಟ್ಟದ ಒಂದು ವಿಡಿಯೊ. ಮಂಗಳವಾರ ವ್ಯಾಕರಣ, ವಾರಕ್ಕೆ ಒಂದೇ ಅಂಶ. ಗುರುವಾರ ನೆರಳು ಅಭ್ಯಾಸ: ಒಂದು ನಿಮಿಷದ ಧ್ವನಿ ಹಾಕಿಕೊಂಡು ಮಾತಾಡುವವರ ಬೆನ್ನಿಗೇ, ಅವರ ಏರಿಳಿತದಲ್ಲೇ ಹೇಳುವುದು. ಮೊದಲು ಬರಹ ನೋಡಿಕೊಂಡು, ಆಮೇಲೆ ಮುಚ್ಚಿಟ್ಟು. ಶುಕ್ರವಾರ ಹೊಸದೇನೂ ಇಲ್ಲ, ಮರುದಿನದ ಮಾತಿಗೆ ಬೇಕಾಗುವ ಹತ್ತು ವಾಕ್ಯಗಳ ತಯಾರಿ ಅಷ್ಟೇ.

ಆಫೀಸಿಗೆ ಹೋಗುವಾಗ 20 ನಿಮಿಷ ಕೇಳುವಿಕೆ. ಹೊಸ ಹೊಸದನ್ನು ಹುಡುಕುತ್ತಾ ಹೋಗಬಾರದು, ಒಂದೇ ತುಣುಕನ್ನು ಇಡೀ ವಾರ ಕೇಳಬೇಕು. ಸೋಮವಾರ ಗೊಂದಲ ಅನ್ನಿಸಿದ್ದು ಶುಕ್ರವಾರಕ್ಕೆ ಪದಪದವಾಗಿ ಬಿಡಿಸಿಕೊಳ್ಳಬೇಕು.

ಶನಿವಾರ 10:00ರಿಂದ 11:30. ಈ ಯೋಜನೆಯ ಜೀವ ಇರುವುದು ಇಲ್ಲೇ. ಐದನೇ ವಾರದಿಂದ ಆನ್‌ಲೈನ್ ಶಿಕ್ಷಕಿಯೊಂದಿಗೆ 45 ನಿಮಿಷ ಮಾತು. ಅವರಿಗೆ ಮೊದಲೇ ತಿಳಿಸಿರುವ ನಿಯಮ: ಮಾತಿನ ನಡುವೆ ತಿದ್ದುವುದು ಬೇಡ, ತಪ್ಪುಗಳನ್ನು ಬರೆದಿಟ್ಟುಕೊಂಡು ಕೊನೆಯ ಹತ್ತು ನಿಮಿಷದಲ್ಲಿ ಹೇಳಿ. ಮಾತು ಮುಗಿದ ಕೂಡಲೇ, ನೆನಪು ಮಾಸುವ ಮುಂಚೆ, ಉಳಿದ 45 ನಿಮಿಷದಲ್ಲಿ ನಾನು ಹೇಳಲು ಹೋಗಿ ಸಿಕ್ಕಿಬಿದ್ದ ವಾಕ್ಯಗಳನ್ನು ಸರಿಯಾದ ರೂಪದಲ್ಲಿ ಕಾರ್ಡಿಗೆ ಹಾಕುವುದು. ಮುಂದಿನ ವಾರದ ಹೊಸ ಕಾರ್ಡುಗಳಲ್ಲಿ ಅರ್ಧದಷ್ಟಾದರೂ ಹೀಗೆ ನನ್ನ ಬಾಯಲ್ಲೇ ತಡವರಿಸಿದ ವಾಕ್ಯಗಳಾಗಿರಬೇಕು. ಬೇರೆಯವರು ಮಾಡಿಟ್ಟ ಪದಪಟ್ಟಿಗಿಂತ ಇದು ಎಷ್ಟೋ ಪಾಲು ಮೇಲು.

ಭಾನುವಾರ ಅರ್ಧ ಗಂಟೆ ಪುನರಾವರ್ತನೆ.

1ರಿಂದ 6ನೇ ವಾರ: ಉಚ್ಚಾರಣೆ

ವ್ಯಾಕರಣಕ್ಕಿಂತ ಮೊದಲು ಧ್ವನಿ. ‘ವೂ’ ಮತ್ತು ‘ವ್ಯು’, ‘ತೂ’ ಮತ್ತು ‘ತ್ಯು’ ಬೇರೆ ಬೇರೆ ಎಂದು ಕಿವಿಗೆ ಮೊದಲು ಗೊತ್ತಾಗಬೇಕು. ಎರಡನೆಯದಕ್ಕೆ ತುಟಿಯನ್ನು ‘ಊ’ ಎನ್ನುವಂತೆ ಗುಂಡಗೆ ಮಾಡಿ ನಾಲಿಗೆಯಲ್ಲಿ ‘ಈ’ ಹೇಳಬೇಕು, ದಿನಾ ಕನ್ನಡಿಯ ಮುಂದೆ ಐದು ನಿಮಿಷ. ಮೂಗಿನ ಸ್ವರಗಳಲ್ಲಿ ‘ವ್ಯಾಂ’, ‘ವಾಂ’, ‘ವೊಂ’ ಮೂರನ್ನೂ ಒಟ್ಟಿಗೆ ಅಭ್ಯಾಸ ಮಾಡಬೇಕು. ಕೊನೆಯಲ್ಲಿ ‘ಮ್’ ಆಗಲಿ ‘ನ್’ ಆಗಲಿ ಕೇಳಿಸಕೂಡದು. ಪದಗಳ ಬೆಸುಗೆಯೂ ಈಗಲೇ: ‘ಲೆ’ ಮತ್ತು ‘ಆಮಿ’ ಸೇರಿದರೆ ‘ಲೆಝಾಮಿ’. ಇದು ತಿಳಿಯದಿದ್ದರೆ, ಓದಿದಾಗ ಗೊತ್ತಿರುವ ಪದವೂ ಕೇಳಿದಾಗ ಗುರುತು ಸಿಗುವುದಿಲ್ಲ.

ಕ್ರಿಯಾಪದಗಳು ಏಳೇ: ಎತ್ರ್, ಅವ್ವಾರ್, ಅಲೆ, ಫೇರ್, ಪೂವ್ವಾರ್, ವೂಲ್ವಾರ್, ದವ್ವಾರ್. ಅಂದರೆ ಕ್ರಮವಾಗಿ ಇರು, ಹೊಂದಿರು, ಹೋಗು, ಮಾಡು, ಸಾಧ್ಯವಾಗು, ಬಯಸು, ಮಾಡಲೇಬೇಕು. ವರ್ತಮಾನ ಕಾಲ ಮಾತ್ರ. ಜೊತೆಗೆ ಆಪತ್ತಿಗಾಗುವ ವಾಕ್ಯಗಳು: ‘ವು ಪುವೆ ರೆಪೆತೆ, ಸಿಲ್ ವು ಪ್ಲೆ?’ (ಇನ್ನೊಮ್ಮೆ ಹೇಳುವಿರಾ?) ಮತ್ತು ‘ಕೊಮಾಂ ಓಂ ದಿ?’ (ಹೇಗೆ ಹೇಳುತ್ತಾರೆ?). ಈ ಎರಡು ಬಂದರೆ ಮಾತು ಕಡಿಯುವುದಿಲ್ಲ. 70ಕ್ಕೆ ‘ಅರವತ್ತು-ಹತ್ತು’, 80ಕ್ಕೆ ‘ನಾಲ್ಕು-ಇಪ್ಪತ್ತು’ ಎನ್ನುವ ಎಣಿಕೆ ಸರಾಗವಾಗಲು ಫೋನ್ ನಂಬರುಗಳನ್ನು ಗಟ್ಟಿಯಾಗಿ ಓದುವುದು.

7ರಿಂದ 20ನೇ ವಾರ: ನಿನ್ನೆ ಮತ್ತು ನಾಳೆ

‘ಅಲೆ’ ಸೇರಿಸಿ ಹೇಳುವ ಭವಿಷ್ಯತ್ತು ಒಂದೇ ವಾರದ ಕೆಲಸ: ‘ಜ ವೆ ಪಾರ್ಲೆ’ ಎಂದರೆ ‘ನಾನು ಮಾತಾಡಲಿದ್ದೇನೆ’. ಭೂತಕಾಲದ ಪಾಸೆ ಕಾಂಪೋಸೆಗೆ ಐದು ವಾರ. ಹೆಚ್ಚಿನ ಕ್ರಿಯಾಪದಗಳಿಗೆ ಸಹಾಯಕ್ಕೆ ಬರುವುದು ‘ಅವ್ವಾರ್’, ಹೋಗು, ಬಾ, ಹುಟ್ಟು, ಸಾಯಿ ಮುಂತಾದ ಕೆಲವಕ್ಕೆ ‘ಎತ್ರ್’. ಈ ಎರಡನೆಯ ಗುಂಪನ್ನು ನನ್ನ ದಿನಚರಿಯ ವಾಕ್ಯಗಳಲ್ಲೇ ಕೂರಿಸಿಕೊಳ್ಳಬೇಕು. ಆಮೇಲೆ ಸರ್ವನಾಮ. ‘ಜ ಲ ವ್ವಾ’ ಎಂದರೆ ‘ನಾನು ಅವನನ್ನು ನೋಡುತ್ತೇನೆ’. ಇಲ್ಲಿ ಪದಗಳ ಕ್ರಮ ಕನ್ನಡದ್ದೇ. ಇಂಗ್ಲಿಷಿನ ಮೂಲಕ ಯೋಚಿಸದಿದ್ದರೆ ಇದು ಸಲೀಸು. ‘ತ್ಯು’ ಮತ್ತು ‘ವೂ’ಗೆ ಬೇರೆ ಪಾಠ ಬೇಡ, ನೀನು-ನೀವು ನಮಗೆ ಹುಟ್ಟಿನಿಂದಲೇ ಇದೆ.

12ನೇ ವಾರ ಐದು ನಿಮಿಷದ ಧ್ವನಿಮುದ್ರಣ, ವಿಷಯ ‘ನನ್ನ ಕೆಲಸದ ದಿನ’. 24, 36, 48ನೇ ವಾರಗಳಲ್ಲೂ ಇದೇ ವಿಷಯ, ಹೋಲಿಸಿ ನೋಡಲು.

21ರಿಂದ 36ನೇ ವಾರ: ನಿಜವಾದ ಮಾತು

ದಾರಿಯ ಕೇಳುವಿಕೆಗೆ ಇಲ್ಲಿಂದ ಆರ್‌ಎಫ್‌ಐ ರೇಡಿಯೊದ ‘ಜುರ್ನಾಲ್ ಆಂ ಫ್ರಾಂಸೆ ಫಾಸಿಲ್’, ಹತ್ತು ನಿಮಿಷದ ಸರಳ ಸುದ್ದಿ. ಪಠ್ಯವೂ ಸಿಗುತ್ತದೆ, ಆದರೆ ಬುಧವಾರದವರೆಗೆ ಅದನ್ನು ತೆರೆಯುವಂತಿಲ್ಲ.

ಜನ ಮಾತಾಡುವ ಫ್ರೆಂಚ್ ಪುಸ್ತಕದ್ದಕ್ಕಿಂತ ಬೇರೆ. ‘ನಾವು’ ಎನ್ನಲು ‘ನೂ’ ಬದಲು ‘ಓಂ’ ಎನ್ನುತ್ತಾರೆ, ನಿಷೇಧದ ‘ನ’ ಬಿಡುತ್ತಾರೆ, ‘ನನಗೆ ಗೊತ್ತಿಲ್ಲ’ ಎನ್ನುವ ‘ಜ ನ ಸೆ ಪಾ’ ಬಾಯಲ್ಲಿ ‘ಶೆ ಪಾ’ ಆಗುತ್ತದೆ. ಗುರುವಾರದ ನೆರಳು ಅಭ್ಯಾಸಕ್ಕೆ ಈ ಹದಿನಾರು ವಾರ ಸಂದರ್ಶನಗಳನ್ನೇ ಆರಿಸಬೇಕು.

24ನೇ ವಾರ ಫ್ರೆಂಚ್ ಭಾಷೆಯ ಡೆಲ್ಫ್ ಪರೀಕ್ಷೆಯಲ್ಲಿ ಬಿ1ಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಎ2ರ ಮಾದರಿ ಮೌಖಿಕ: 10 ನಿಮಿಷ ತಯಾರಿ, 6ರಿಂದ 8 ನಿಮಿಷ ಮಾತು, ಶಿಕ್ಷಕಿಯ ಎದುರು. ಪರೀಕ್ಷೆಗೆ ಹಣ ಕಟ್ಟುವುದಿಲ್ಲ, ಅಳತೆಗೋಲಾಗಿ ಬಳಸುವುದು ಮಾತ್ರ. ಸೋತರೆ ಎರಡು ವಾರ ಹೊಸ ಪಾಠ ನಿಲ್ಲಿಸಿ ಹಳೆಯದನ್ನೇ ಮಾತಾಡುವುದು.

37ರಿಂದ 48ನೇ ವಾರ

ಮಂಗಳವಾರದ ವ್ಯಾಕರಣ ನಿಲ್ಲುತ್ತದೆ. ಆ ಹೊತ್ತಿಗೆ ವಾರದ ಎರಡನೇ ಮಾತು: ಭಾಷೆ ವಿನಿಮಯದ ಗೆಳೆಯರೊಬ್ಬರ ಜೊತೆ 25 ನಿಮಿಷ, ಪೂರ್ತಿ ಫ್ರೆಂಚ್. ಅವರಿಗೆ ಬೇಕಾದ ಇಂಗ್ಲಿಷ್ ಮಾತು ಭಾನುವಾರ, ನನ್ನ ಏಳು ಗಂಟೆಯ ಲೆಕ್ಕದ ಹೊರಗೆ. ಶನಿವಾರ ಡೆಲ್ಫ್ ಬಿ1ರ ಮೌಖಿಕದಂತೆ ಒಂದು ಸಣ್ಣ ಲೇಖನ ಓದಿ ನನ್ನ ಅಭಿಪ್ರಾಯ ಹೇಳಿ, ಅದನ್ನು ಸಮರ್ಥಿಸುವುದು.

ತಪ್ಪಿದ ದಿನಗಳಿಗೆ

ತಪ್ಪಿದ 40 ನಿಮಿಷವನ್ನು ಮರುದಿನಕ್ಕೆ ಸಾಲವಾಗಿ ಹೊರಿಸುವಂತಿಲ್ಲ. ಕಷ್ಟದ ವಾರಕ್ಕೆ ಕನಿಷ್ಠ: ದಿನಾ 10 ನಿಮಿಷ ಹಳೆಯ ಕಾರ್ಡು, ಹೊಸತು ಸೊನ್ನೆ, ಮತ್ತು ಶನಿವಾರದ ಮಾತು. ಶನಿವಾರ ಆಗದಿದ್ದರೆ ಭಾನುವಾರ, ತಯಾರಿ ಇಲ್ಲದಿದ್ದರೂ ಸರಿ. ಎರಡು ವಾರ ಸತತವಾಗಿ ಮಾತು ತಪ್ಪಿದರೆ ಹೊಸ ಕಾರ್ಡುಗಳನ್ನು ದಿನಕ್ಕೆ ಐದಕ್ಕೆ ಇಳಿಸಿ, ಉಳಿದ ಹೊತ್ತನ್ನೂ ಮಾತಿಗೇ ಕೊಡುವುದು.