ಕಾಫಿ ಕೈಪಿಡಿಯ ಅನುವಾದ: ಅಚ್ಚಿಗೆ ಹೋಗುವ ಮುಂಚೆ ಕೆಲವು ಪ್ರಶ್ನೆಗಳು

ನಮಸ್ಕಾರ ಮೇಡಂ,

ಸಣ್ಣ ಬೆಳೆಗಾರರ ಕಾಫಿ ಕೈಪಿಡಿಯ ಕನ್ನಡ ಅನುವಾದವನ್ನು ಈ ಮೇಲ್ ಜೊತೆ ಕಳಿಸಿದ್ದೇನೆ. ಕೆಲಸ ಪೂರ್ತಿ ಮುಗಿದಿದೆ. ಆದರೆ ಐದು ಕಡೆ ಹಳದಿ ಬಣ್ಣ ಹಾಕಿ ಬಿಟ್ಟಿದ್ದೇನೆ. ಅಲ್ಲೆಲ್ಲ ಇಂಗ್ಲಿಷ್ ಮೂಲವನ್ನು ಎರಡು ಥರ ಓದಬಹುದು. ಬರೀ ಭಾಷೆಯ ವಿಷಯವಾಗಿದ್ದರೆ ನಾನೇ ತೀರ್ಮಾನಿಸುತ್ತಿದ್ದೆ. ಇವು ಔಷಧಿಯ ಅಳತೆ, ಗಿಡ ಕೀಳುವ ಕಾಲ, ಗೊಬ್ಬರದ ಲೆಕ್ಕ. ಪೊನ್ನಂಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಒಬ್ಬ ಬೆಳೆಗಾರರು ಈ ಪುಸ್ತಕ ನೋಡಿಕೊಂಡೇ ಡ್ರಮ್ಮಿನಲ್ಲಿ ಔಷಧಿ ಕಲಸುತ್ತಾರೆ. ಊಹೆ ಮಾಡಿ ಬರೆಯಲು ಮನಸ್ಸು ಒಪ್ಪಲಿಲ್ಲ.

ಎಲ್ಲಕ್ಕಿಂತ ತುರ್ತಾಗಿ ಉತ್ತರ ಬೇಕಿರುವುದು 12ನೇ ಪುಟಕ್ಕೆ. ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡಗಳನ್ನು ‘ಸೀಸನ್‌ಗೆ ಮುಂಚೆ’ ಬೇರು ಸಮೇತ ಕಿತ್ತು ಸುಡಬೇಕು ಎಂದಿದೆ. ಯಾವ ಸೀಸನ್? ನಮ್ಮ ಕಡೆ ಹಾಗೆಂದರೆ ಜನ ಕೊಯ್ಲು ಅಂತಲೇ ತಿಳಿಯುತ್ತಾರೆ. ಅರೇಬಿಕಾ ಕೊಯ್ಲು ಶುರುವಾಗುವುದು ನವೆಂಬರ್ ಹೊತ್ತಿಗೆ. ದುಂಬಿ ಹೊರಬಂದು ಹಾರಾಡುವುದು ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಕೊಯ್ಲಿಗೆ ಮುಂಚೆ ಕಿತ್ತರಾಯಿತು ಅಂತ ಅಕ್ಟೋಬರ್ ಕೊನೆಯವರೆಗೆ ಕಾದರೆ, ಅಷ್ಟರಲ್ಲಿ ದುಂಬಿ ಪಕ್ಕದ ಗಿಡದ ತೊಗಟೆಯಲ್ಲಿ ಮೊಟ್ಟೆ ಇಟ್ಟಿರಬಹುದು. ಲೇಖಕರು ಹೇಳಿರುವುದು ದುಂಬಿ ಹಾರಾಡುವ ಕಾಲವನ್ನೇ ಅಂತ ನನಗನ್ನಿಸುತ್ತದೆ. ಹೌದಾದರೆ ತಿಂಗಳ ಹೆಸರನ್ನೇ ಹಾಕೋಣ. ಪುಸ್ತಕ ಸೆಪ್ಟೆಂಬರ್‌ನಲ್ಲಿ ಬೆಳೆಗಾರರ ಕೈಗೆ ಹೋಗುತ್ತದೆ ಅಂದಿದ್ದೀರಿ. ಅಂದರೆ ಅವರು ಮೊದಲು ಮಾಡುವ ಕೆಲಸವೇ ಇದು.

9ನೇ ಪುಟದಲ್ಲಿ ಬೋರ್ಡೋ ದ್ರಾವಣ ಇದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಎಂದಿದೆ, ಅದು ಶೇಕಡಾ 1ರ ದ್ರಾವಣ. ಅಲ್ಲಿಯವರೆಗೆ ಸರಿ. ಮುಂದಿನ ಸಾಲಿನಲ್ಲಿ ಎಲೆ ತುಕ್ಕು ರೋಗಕ್ಕೆ ‘ಅರ್ಧ ಪ್ರಮಾಣ ಸಾಕು’ ಎಂದು ಬಿಟ್ಟಿದ್ದಾರೆ. ಅಷ್ಟೇ ನೀರಿಗೆ ಮೈಲುತುತ್ತ, ಸುಣ್ಣ ಎರಡನ್ನೂ ಅರ್ಧ ಮಾಡಬೇಕೋ, ಅಥವಾ ಅದೇ ದ್ರಾವಣವನ್ನು ಗಿಡಕ್ಕೆ ಅರ್ಧದಷ್ಟು ಹೊಡೆಯಬೇಕೋ? ಮೊದಲನೆಯದಾದರೆ ಶೇಕಡಾ 0.5 ಆಗುತ್ತದೆ, ತುಕ್ಕು ರೋಗಕ್ಕೆ ರೂಢಿಯಲ್ಲಿರುವುದೂ ಅದೇ. ಎರಡನೆಯದಾದರೆ ಎಲೆಯ ಅಡಿಭಾಗ ನೆನೆಯುವುದೇ ಇಲ್ಲ. ತುಕ್ಕು ಇರುವುದೇ ಅಲ್ಲಿ ಅಲ್ವಾ? ಸುಣ್ಣ ಯಾವುದು ಎಂದೂ ಹೇಳಿಲ್ಲ. ಸಿಂಪಡಣೆಗೆ ಮಾರುವ ಸುಣ್ಣವೋ, ತೋಟಕ್ಕೆ ಎರಚುವ ಕೃಷಿ ಸುಣ್ಣವೋ? ದಯವಿಟ್ಟು ಸ್ಪಷ್ಟ ಮಾಡಿಸಿ.

ಗೊಬ್ಬರದ ಕೋಷ್ಟಕ 17ನೇ ಪುಟದಲ್ಲಿದೆ. 1,000 ಕೆಜಿ ಇಳುವರಿಗೆ ಇಷ್ಟು ಗೊಬ್ಬರ ಎಂದಿದೆ. ಎಕರೆಗೋ, ಹೆಕ್ಟೇರಿಗೋ? ಹಿಂದಿನ ಪುಟದಲ್ಲಿ ಹೆಕ್ಟೇರ್, ಮುಂದಿನ ಪುಟದಲ್ಲಿ ಎಕರೆ. ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ಜೊತೆಗೆ ಆ 1,000 ಕೆಜಿ ಕ್ಲೀನ್ ಕಾಫಿಯೋ, ಒಣಗಿದ ಚೆರಿಯೋ? ನಮ್ಮ ಸಣ್ಣ ಬೆಳೆಗಾರರು ಲೆಕ್ಕ ಹಾಕುವುದು 50 ಕೆಜಿ ಚೀಲದ ಚೆರಿಯಲ್ಲಿ. ಸಿಪ್ಪೆ ತೆಗೆದರೆ ಅದರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಕಾಫಿ ಉಳಿಯುತ್ತದೆ. ಎರಡೂ ಕಡೆ ತಪ್ಪು ತಿಳಿದರೆ ಗೊಬ್ಬರ ಸುಮಾರು ಐದು ಪಟ್ಟು ಏರುಪೇರಾಗುತ್ತದೆ. ಈಗಿನ ಗೊಬ್ಬರದ ಬೆಲೆಯಲ್ಲಿ ಅದನ್ನು ಯಾರು ತಡೆದುಕೊಳ್ಳುತ್ತಾರೆ?

ಉಳಿದೆರಡು ಚಿಕ್ಕವು. 22ನೇ ಪುಟದಲ್ಲಿ ‘ಅದನ್ನು’ ಶೇಕಡಾ 11 ತೇವಾಂಶಕ್ಕೆ ಒಣಗಿಸಿ ಎಂದಿದೆ. ರೋಬಸ್ಟಾ ಚೆರಿಗಾದರೆ ಸರಿ, ಪಾರ್ಚ್‌ಮೆಂಟ್‌ಗೆ 10 ಇರಬೇಕು. ಆ ಪ್ಯಾರಾದಲ್ಲಿ ಎರಡರ ಮಾತೂ ಬಂದಿದೆ. 27ನೇ ಪುಟದಲ್ಲಿ ಔಷಧಿ ಹೊಡೆದ ಜಾಗದಿಂದ ‘ಅವರನ್ನು’ ಅಥವಾ ‘ಅವುಗಳನ್ನು’ ದೂರ ಇಡಿ ಎಂದಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ, ಹಿಂದಿನ ಸಾಲಿನಲ್ಲಿ ಕೆಲಸದವರೂ ಇದ್ದಾರೆ, ಜೇನುಪೆಟ್ಟಿಗೆಗಳೂ ಇವೆ. ನಿಮ್ಮ ಒಪ್ಪಿಗೆ ಇದ್ದರೆ ಇಬ್ಬರನ್ನೂ ಹೆಸರಿಸಿ ಬರೆಯುತ್ತೇನೆ. ಲೈನ್ ಮನೆಗಳ ಮಕ್ಕಳನ್ನೂ ಸೇರಿಸುವುದು ಒಳ್ಳೆಯದು.

ಈ ಪ್ರಶ್ನೆಗಳನ್ನು ಕೈಪಿಡಿ ಬರೆದ ಕೃಷಿ ತಜ್ಞರಿಗೇ ತೋರಿಸಿ. ಅವರು ಸಿಗದಿದ್ದರೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಬಹುದು. ನೀವು ಹೂಂ ಅಂದರೆ ನಾನೇ ಹೋಗಿ ಕೇಳಿ ಬರುತ್ತೇನೆ, ನನಗೆ ದೂರವಲ್ಲ. ಉತ್ತರ ಬರುವವರೆಗೆ ಹಳದಿ ಸಾಲುಗಳನ್ನು ಡಿಟಿಪಿಗೆ ಕೊಡಬೇಡಿ, ಉಳಿದ ಪುಟಗಳನ್ನು ಕೊಡಬಹುದು. ಉತ್ತರ ಸಿಕ್ಕ ದಿನವೇ ತಿದ್ದಿ ಕಳಿಸುತ್ತೇನೆ, ಇದಕ್ಕೆ ಬೇರೆ ಹಣ ಬೇಡ.

ಇಲ್ಲಿ ಮಳೆ ಜೋರಾಗಿದೆ, ಕರೆಂಟ್ ಹೋದರೆ ನೆಟ್‌ವರ್ಕೂ ಹೋಗುತ್ತದೆ. ಫೋನ್ ಸಿಗದಿದ್ದರೆ ಮೇಲ್ ಹಾಕಿಬಿಡಿ, ಸಂಜೆಯೊಳಗೆ ನೋಡುತ್ತೇನೆ.

ವಿಶ್ವಾಸದಿಂದ,
ನಿಮ್ಮ ಅನುವಾದಕಿ
ಗೋಣಿಕೊಪ್ಪಲು